ಅಕ್ಟೋಬರ್ ಎಂಟೋ, ಹತ್ತೋ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಆಕ್ಟೋಪಸ್‌ಗೆ ಎಂಟು ಕಾಲು ಎಂದು ಓದಿದವಳು, "ಹಾಗಾದ್ರೆ ಅಕ್ಟೋಬರ್ ಹತ್ತನೇ ತಿಂಗಳು ಯಾಕಮ್ಮ?" ಎಂದು ಕೇಳಿದಳು. ಜೂಲಿಯಸ್ ಸೀಸರ್ ಮತ್ತು ಆಗಸ್ಟಸ್ ತಮ್ಮ ಹೆಸರಿನ ಎರಡು ತಿಂಗಳು ನಡುವೆ ತುರುಕಿದರು, ಅದಕ್ಕೇ ಉಳಿದವು ಹಿಂದೆ ಹೋದವು ಎಂದೆ. ಅಷ್ಟರಲ್ಲಿ ನಮ್ಮ ಭಾವ ಫ್ಯಾಮಿಲಿ ಗ್ರೂಪಿಗೆ ಬಂದ ಮೆಸೇಜ್ ತೋರಿಸಿದರು. ಸಪ್ತಾಂಬರ, ಅಷ್ಟಾಂಬರ, ನವಾಂಬರ, ದಶಾಂಬರ ಎಂಬ ಸಂಸ್ಕೃತದ ಹೆಸರುಗಳೇ ಇವಂತೆ. ಮಗಳು ಈಗ ಇದನ್ನೇ ಸ್ಕೂಲ್ ಪ್ರಾಜೆಕ್ಟ್ ಮಾಡಿಕೊಂಡಿದ್ದಾಳೆ. ಮೊದಲು ವರ್ಷಕ್ಕೆ ಹತ್ತೇ ತಿಂಗಳು ಇತ್ತು ಎಂದು ಬರೆಯಬಹುದಾ? ಇದ್ದರೆ ಉಳಿದ ಎರಡು ತಿಂಗಳು ಜನ ಏನು ಮಾಡುತ್ತಿದ್ದರು? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಮಗಳ ಅನುಮಾನ ನೂರಕ್ಕೆ ನೂರು ಸರಿ. ನೀವು ಹೇಳಿದ್ದು ತಪ್ಪು, ನಿಮ್ಮ ಭಾವ ಹೇಳಿದ್ದು ಅರ್ಧ ತಪ್ಪು. ಬೇಜಾರು ಮಾಡಿಕೊಳ್ಳಬೇಡಿ. ನಾನು ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ಸೀಸರ್ ಕಥೆಯನ್ನು ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಕೇಳಲು ಅಷ್ಟು ಚೆನ್ನಾಗಿದೆ ಅದು. ಎರಡು ಅಹಂಕಾರಿ ರಾಜರು, ಎರಡು ತಿಂಗಳು, ಲೆಕ್ಕ ಸರಿಹೋಯಿತು!

ಆ ಕಥೆ ಎಲ್ಲಿ ಮುರಿಯುತ್ತದೆ ಎನ್ನುವುದನ್ನು ಮಗಳೇ ಬೆರಳು ಮಡಚಿ ನೋಡಬಹುದು. ಮಾರ್ಚ್‌ನಿಂದ ಎಣಿಸಲು ಹೇಳಿ. ಮಾರ್ಚ್ ಒಂದು, ಏಪ್ರಿಲ್ ಎರಡು, ಮೇ ಮೂರು, ಜೂನ್ ನಾಲ್ಕು, ಜುಲೈ ಐದು, ಆಗಸ್ಟ್ ಆರು, ಸೆಪ್ಟೆಂಬರ್ ಏಳು. ಲ್ಯಾಟಿನ್‌ನಲ್ಲಿ ಏಳಕ್ಕೆ ಸೆಪ್ಟೆಮ್, ಎಂಟಕ್ಕೆ ಆಕ್ಟೋ, ಒಂಬತ್ತಕ್ಕೆ ನೊವೆಮ್, ಹತ್ತಕ್ಕೆ ಡೆಕೆಮ್. ಡಿಸೆಂಬರ್ ತನಕ ಎಲ್ಲವೂ ಸರಿಯಾಗಿ ಕೂತವು ಅಲ್ವಾ? ಗಮನಿಸಿ, ಈ ಎಣಿಕೆಯಲ್ಲಿ ಜುಲೈ, ಆಗಸ್ಟ್ ಎರಡೂ ಇವೆ. ಅವನ್ನು ಕಿತ್ತು ಹಾಕಿದರೆ ಸೆಪ್ಟೆಂಬರ್ ಐದಕ್ಕೆ ಇಳಿಯುತ್ತದೆ, ಲೆಕ್ಕ ಇನ್ನಷ್ಟು ಕೆಡುತ್ತದೆ. ಅಂದರೆ ಆ ಎರಡು ತಿಂಗಳು ಮೊದಲಿನಿಂದಲೂ ಅಲ್ಲೇ ಇದ್ದವು. ಹೆಸರು ಬೇರೆ ಇತ್ತು, ಅಷ್ಟೇ. ಜುಲೈಗೆ ಕ್ವಿಂಟಿಲಿಸ್, ಅಂದರೆ ಐದನೆಯದು. ಆಗಸ್ಟ್‌ಗೆ ಸೆಕ್ಸ್ಟಿಲಿಸ್, ಅಂದರೆ ಆರನೆಯದು.

ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ರೋಮ್‌ನ ದಕ್ಷಿಣಕ್ಕೆ ಸಮುದ್ರದ ದಡದಲ್ಲಿ ಆಂಟಿಯಮ್ ಎಂಬ ಊರಿತ್ತು, ಈಗಿನ ಆಂಜಿಯೊ. ಅಲ್ಲಿ ಗೋಡೆಯ ಗಾರೆಯ ಮೇಲೆ ಬಣ್ಣದಲ್ಲಿ ಬರೆದ ಕ್ಯಾಲೆಂಡರ್ ತುಂಡುತುಂಡಾಗಿ ಸಿಕ್ಕಿದೆ. ಸೀಸರ್ ಪಂಚಾಂಗಕ್ಕೆ ಕೈ ಹಾಕುವ ಮೊದಲಿನ ಕ್ಯಾಲೆಂಡರ್‌ಗಳಲ್ಲಿ ನಮಗೆ ಉಳಿದಿರುವುದು ಇದೊಂದೇ. ಅದರಲ್ಲಿ ಜೂನ್ ಆದ ಮೇಲೆ ಕ್ವಿಂಟಿಲಿಸ್, ಆಮೇಲೆ ಸೆಕ್ಸ್ಟಿಲಿಸ್, ಆಮೇಲೆ ಸೆಪ್ಟೆಂಬರ್. ತುರುಕಲು ಜಾಗವೇ ಇರಲಿಲ್ಲ.

ಆದದ್ದು ಇಷ್ಟು. ಸೀಸರ್ ಹುಟ್ಟಿದ್ದು ಕ್ವಿಂಟಿಲಿಸ್‌ನಲ್ಲಿ, ಹಾಗಾಗಿ ಕ್ರಿ.ಪೂ. 44ರಲ್ಲಿ ಆ ತಿಂಗಳಿಗೆ ಅವನ ಹೆಸರಿಟ್ಟರು. ಕ್ರಿ.ಪೂ. 8ರಲ್ಲಿ ಸೆಕ್ಸ್ಟಿಲಿಸ್‌ಗೆ ಆಗಸ್ಟಸ್‌ನ ಹೆಸರು ಬಂತು. ಇಲ್ಲೊಂದು ತಮಾಷೆ ಇದೆ. ಆಗಸ್ಟಸ್ ಹುಟ್ಟಿದ್ದು ಸೆಪ್ಟೆಂಬರ್ 23ಕ್ಕೆ. ಆದರೂ ತನಗೆ ದೊಡ್ಡ ಗೆಲುವುಗಳು ಸಿಕ್ಕಿದ ತಿಂಗಳು ಎಂದು ಸೆಕ್ಸ್ಟಿಲಿಸ್ ಅನ್ನೇ ಆರಿಸಿಕೊಂಡ. ಹುಟ್ಟಿದ ತಿಂಗಳನ್ನೇ ಕೇಳಿದ್ದರೆ ಸೆಪ್ಟೆಂಬರ್ ಎಂಬ ಹೆಸರು ಅಂದೇ ಅಳಿಸಿಹೋಗಿ, ನಿಮ್ಮ ಮಗಳಿಗೆ ಒಂದು ಸುಳಿವು ಕಡಿಮೆಯಾಗುತ್ತಿತ್ತು. ಮುಂದೆ ಡೊಮಿಷಿಯನ್ ಎಂಬ ಚಕ್ರವರ್ತಿ ಸೆಪ್ಟೆಂಬರ್, ಅಕ್ಟೋಬರ್ ಎರಡಕ್ಕೂ ತನ್ನ ಬಿರುದು, ಹೆಸರು ಇಟ್ಟ. ಅವನು ಕೊಲೆಯಾದ ಮೇಲೆ ಜನ ಹಳೆಯ ಹೆಸರಿಗೇ ಮರಳಿದರು.

ಇನ್ನು ಭಾವನವರ ಮೆಸೇಜ್. ಸಪ್ತ ಮತ್ತು ಸೆಪ್ಟೆಮ್, ಅಷ್ಟ ಮತ್ತು ಆಕ್ಟೋ, ನವ ಮತ್ತು ನೊವೆಮ್, ದಶ ಮತ್ತು ಡೆಕೆಮ್ ಒಂದೇ ಥರ ಕೇಳಿಸುವುದು ಸುಮ್ನೆ ಆಕಸ್ಮಿಕವಲ್ಲ. ಅಷ್ಟು ಮಟ್ಟಿಗೆ ಅವರು ಸರಿ. ಸಂಸ್ಕೃತ, ಲ್ಯಾಟಿನ್, ಗ್ರೀಕ್ ಇವು ಒಂದೇ ಹಳೆಯ ಭಾಷೆಯಿಂದ ಕವಲೊಡೆದವು. ಕಲ್ಕತ್ತಾದಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1786ರಲ್ಲೇ ಈ ನಂಟಿನ ಬಗ್ಗೆ ಭಾಷಣ ಮಾಡಿದ್ದ. ಆದರೆ ಅಕ್ಕತಂಗಿಯರ ಮುಖ ಒಂದೇ ಥರ ಇದೆ ಎಂದು ಒಬ್ಬಳನ್ನು ಇನ್ನೊಬ್ಬಳ ತಾಯಿ ಎನ್ನಲು ಆಗುವುದಿಲ್ಲ. ಆಕ್ಟೋಪಸ್‌ನ ಆಕ್ಟೋ ಕೂಡ ಗ್ರೀಕ್‌ನಿಂದ ಬಂದದ್ದು, ಅದೂ ಇದೇ ಮನೆತನ.

"ಅಂಬರ" ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಅಕ್ಟೋಬರ್ ಒಂದೇ ಸಾಕು. ಅಂಬರ ಅನ್ನುವುದು ನಿಜವಾಗಿ ಹಿಂದೆ ಸೇರಿದ್ದರೆ ಅದು "ಅಕ್ಟೋಂಬರ್" ಆಗಬೇಕಿತ್ತು. ಅಲ್ಲಿ "ಮ್" ಇಲ್ಲವೇ ಇಲ್ಲ. ಉಳಿದ ಮೂರರಲ್ಲಿ ಯಾಕಿದೆ? ಸೆಪ್ಟೆಮ್, ನೊವೆಮ್, ಡೆಕೆಮ್ ಎಂಬ ಸಂಖ್ಯೆಗಳ ಕೊನೆಯಲ್ಲೇ "ಮ್" ಇದೆ, ಆಕ್ಟೋದಲ್ಲಿ ಇಲ್ಲ. ಅಂದರೆ ಹಿಂದೆ ಸೇರಿರುವುದು ಬರೀ "ಬರ್". ಅದು ತಿಂಗಳು ಎಂಬ ಅರ್ಥದ ಹಳೆಯ ಲ್ಯಾಟಿನ್ ಪದ ಸವೆದು ಉಳಿದದ್ದು ಎಂದು ಭಾಷಾಪಂಡಿತರು ಹೇಳುತ್ತಾರೆ. ನಮ್ಮ ಪಂಚಾಂಗದಲ್ಲಿ ಅಷ್ಟಾಂಬರ ಎಂಬ ತಿಂಗಳು ಎಂದೂ ಇರಲಿಲ್ಲ ಎನ್ನುವುದು ನಿಮ್ಮ ಭಾವನಿಗೂ ಗೊತ್ತಿರುತ್ತದೆ. ನಮ್ಮದು ಚೈತ್ರ, ವೈಶಾಖ. ಅವು ಸಂಖ್ಯೆಯ ಹೆಸರುಗಳಲ್ಲ, ನಕ್ಷತ್ರದ ಹೆಸರುಗಳು.

ಈಗ ನೀವು ಕೇಳಿದ ಕಷ್ಟದ ಪ್ರಶ್ನೆಗೆ ಬರೋಣ. ಹತ್ತೇ ತಿಂಗಳು ಇದ್ದವಾ?

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆ ಇಡಬೇಕು. ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು ಎನ್ನುವುದು ಒಂದು. ವರ್ಷಕ್ಕೆ ಹತ್ತೇ ತಿಂಗಳು ಎನ್ನುವುದು ಇನ್ನೊಂದು. ತಿಂಗಳ ಹೆಸರುಗಳು ಮೊದಲನೆಯದನ್ನು ಗಟ್ಟಿಯಾಗಿ ಹೇಳುತ್ತವೆ. ಎರಡನೆಯದನ್ನು ಅವು ಹೇಳುವುದಿಲ್ಲ. ಯೋಚಿಸಿ ನೋಡಿ, ಡಿಸೆಂಬರ್ ಹತ್ತನೆಯದು ಎಂದರೆ ಅದರ ಮುಂದೆ ಹನ್ನೊಂದು, ಹನ್ನೆರಡು ಇರಬಾರದು ಅಂತೇನೂ ಇಲ್ಲವಲ್ಲ. ಜನವರಿ ಹನ್ನೊಂದನೆಯದು, ಫೆಬ್ರವರಿ ಹನ್ನೆರಡನೆಯದು ಆಗಿದ್ದರೂ ಡಿಸೆಂಬರ್ ಹೆಸರು ಸರಿಯಾಗಿಯೇ ಇರುತ್ತಿತ್ತು.

ಮಾರ್ಚ್ ಮೊದಲು ಎನ್ನುವುದಕ್ಕೆ ಹೆಸರಿನ ಆಚೆಗೂ ಗುರುತುಗಳಿವೆ. ರೋಮ್‌ನಲ್ಲಿ ವೆಸ್ತಾ ದೇವಿಯ ಗುಡಿಯಲ್ಲಿ ಆರದೆ ಉರಿಯುವ ಬೆಂಕಿ ಇತ್ತು. ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಹೊತ್ತಿಸುತ್ತಿದ್ದದ್ದು ಮಾರ್ಚ್ 1ಕ್ಕೆ. ಪೂಜಾರಿಗಳ ಮನೆ ಬಾಗಿಲಿನ ಹಳೆಯ ಸೊಪ್ಪು ತೆಗೆದು ಹೊಸದು ಕಟ್ಟುತ್ತಿದ್ದದ್ದೂ ಅಂದೇ. ನಾವು ಯುಗಾದಿಗೆ ಹಳೆ ತೋರಣ ಕಿತ್ತು ಮಾವಿನೆಲೆ ಕಟ್ಟುತ್ತೇವಲ್ಲ, ಹಾಗೇ. ಜನವರಿ 1 ಹೊಸ ವರ್ಷ ಆದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಇತ್ತ ಫೆಬ್ರವರಿ ಎಂದರೆ ಶುದ್ಧಿ ಮಾಡುವ ತಿಂಗಳು, ಸತ್ತ ಹಿರಿಯರಿಗೆ ಎಡೆ ಇಡುವ ತಿಂಗಳು. ಫೆಬ್ರವರಿ 23ಕ್ಕೆ ಗಡಿಕಲ್ಲಿನ ದೇವರ ಹಬ್ಬ. ಗಡಿಯ ದೇವರು ವರ್ಷದ ಗಡಿಯಲ್ಲೇ ನಿಂತಿದ್ದ.

ಲೀಪ್ ವರ್ಷದ ಹೆಚ್ಚುವರಿ ದಿನ ಡಿಸೆಂಬರ್‌ಗೆ ಬಾರದೆ ಫೆಬ್ರವರಿಗೆ ಯಾಕೆ ಬರುತ್ತದೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಲೆಕ್ಕ ಸರಿಮಾಡುವ ಕೆಲಸ ವರ್ಷದ ಕೊನೆಯಲ್ಲಿ ಮಾಡುವಂಥದ್ದು. ರೋಮನ್ನರು ನಮ್ಮ ಅಧಿಕ ಮಾಸದಂತೆ ಆಗಾಗ ಒಂದು ಹೆಚ್ಚಿನ ತಿಂಗಳು ಸೇರಿಸುತ್ತಿದ್ದರು. ಅದನ್ನು ಸೇರಿಸುತ್ತಿದ್ದದ್ದು ಫೆಬ್ರವರಿ 23ರ ಆಸುಪಾಸಿನಲ್ಲಿ. ಸೀಸರ್ ಆ ತಿಂಗಳನ್ನು ತೆಗೆದು ನಾಲ್ಕು ವರ್ಷಕ್ಕೊಂದು ದಿನ ಮಾಡಿದ, ಜಾಗ ಮಾತ್ರ ಬದಲಿಸಲಿಲ್ಲ.

ಹತ್ತು ತಿಂಗಳ ಮಾತು ಎಲ್ಲಿಂದ ಬಂತು? ರೋಮನ್ನರಿಂದಲೇ. ಊರು ಕಟ್ಟಿದ ರೋಮುಲಸ್ ಹತ್ತು ತಿಂಗಳ ವರ್ಷ ಮಾಡಿದ, ಮುಂದಿನ ರಾಜ ನೂಮಾ ಜನವರಿ, ಫೆಬ್ರವರಿ ಸೇರಿಸಿದ ಎನ್ನುವುದು ಅವರ ಮನೆಮನೆಯ ಕಥೆ. ಕವಿ ಓವಿಡ್ ಇದಕ್ಕೆ ಕಾರಣಗಳನ್ನೂ ಹುಡುಕುತ್ತಾನೆ. ಕೈಗೆ ಹತ್ತು ಬೆರಳು. ತಾಯಿಯ ಹೊಟ್ಟೆಯಲ್ಲಿ ಮಗು ಇರುವುದು ಹತ್ತು ತಿಂಗಳು. ನಾವು ನವಮಾಸ ಎನ್ನುತ್ತೇವೆ, ಅವರು ಚಂದ್ರನ ತಿಂಗಳಲ್ಲಿ ಎಣಿಸಿ ಹತ್ತು ಎನ್ನುತ್ತಿದ್ದರು. ಗಂಡ ಸತ್ತ ಹೆಂಗಸು ದುಃಖ ಆಚರಿಸಬೇಕಾದ ಅವಧಿಯೂ ಹತ್ತು ತಿಂಗಳೇ. ಜೊತೆಗೆ ಒಂದು ಕುಟುಕೂ ಇದೆ. ರೋಮುಲಸ್‌ಗೆ ನಕ್ಷತ್ರಕ್ಕಿಂತ ಆಯುಧದ ವಿಷಯವೇ ಜಾಸ್ತಿ ಗೊತ್ತಿತ್ತು ಎನ್ನುತ್ತಾನೆ.

ಕ್ರಿ.ಶ. 238ರಲ್ಲಿ ಬರೆದ ಸೆನ್ಸೊರಿನಸ್ ಎಂಬ ಪಂಡಿತ ದಿನಗಳ ಲೆಕ್ಕವನ್ನೇ ಕೊಡುತ್ತಾನೆ. ಮಾರ್ಚ್, ಮೇ, ಕ್ವಿಂಟಿಲಿಸ್, ಅಕ್ಟೋಬರ್ ಈ ನಾಲ್ಕಕ್ಕೆ 31 ದಿನ. ಉಳಿದ ಆರಕ್ಕೆ 30 ದಿನ. 124 ಮತ್ತು 180 ಕೂಡಿದರೆ 304. ಈ 304ರ ಮೇಲೆ ಸ್ವಲ್ಪ ಹೊತ್ತು ಕೂರೋಣ, ಕಥೆ ಎಷ್ಟು ಗಟ್ಟಿ ಎನ್ನುವುದು ಇಲ್ಲೇ ಗೊತ್ತಾಗುವುದು.

ಭೂಮಿ ಸೂರ್ಯನನ್ನು ಸುತ್ತಲು ಸುಮಾರು 365 ದಿನ ಬೇಕು. 304 ದಿನ ಮುಗಿದ ಕೂಡಲೇ ಮತ್ತೆ ಮಾರ್ಚ್ 1 ಎಂದು ಎಣಿಸಿದರೆ ಪ್ರತಿ ವರ್ಷ 61 ದಿನ ಮುಂಚೆಯೇ ಮಾರ್ಚ್ ಬರುತ್ತದೆ. ಮೂರು ವರ್ಷಕ್ಕೆ 183 ದಿನ, ಅಂದರೆ ಅರ್ಧ ವರ್ಷ. ವಸಂತದಲ್ಲಿ ಬರಬೇಕಾದ ಮಾರ್ಚ್ ಶರತ್ಕಾಲಕ್ಕೆ ಬಂದು ಕೂರುತ್ತದೆ. ದನ ಮೇಯಿಸುವ, ಗೋಧಿ ಬಿತ್ತುವ ಜನಕ್ಕೆ ಇಂಥ ಕ್ಯಾಲೆಂಡರ್ ಮೂರು ವರ್ಷವೂ ಬಾಳುವುದಿಲ್ಲ. ಹಾಗಾಗಿ ಈ ವರ್ಷ ನಿಜವಾಗಿ ಇದ್ದಿದ್ದರೆ ಒಂದೇ ದಾರಿ ಉಳಿಯುತ್ತದೆ. ಡಿಸೆಂಬರ್ ಮುಗಿದ ಮೇಲಿನ ಸುಮಾರು 61 ದಿನಕ್ಕೆ ಹೆಸರೇ ಇಲ್ಲದೆ ಬಿಟ್ಟುಬಿಡುವುದು. ಚಳಿಗಾಲ, ಹೊಲದಲ್ಲಿ ಕೆಲಸ ಕಡಿಮೆ, ಯುದ್ಧಕ್ಕೆ ಹೋಗುವ ಕಾಲವಲ್ಲ. ಹೊಸ ಚಂದ್ರ ಕಂಡು, ಹವೆ ಬೆಚ್ಚಗಾದಾಗ ಮತ್ತೆ "ಒಂದು" ಎಂದು ಎಣಿಕೆ ಶುರು. ಋತುವಿಗೆ ಹೊಂದದ ದಿನಗಳನ್ನು ತಿಂಗಳ ಹೆಸರಿಲ್ಲದೆ ಕಳೆಯಲು ಬಿಡುತ್ತಿದ್ದರು ಎಂದು ಮುಂದೆ ಮಾಕ್ರೋಬಿಯಸ್ ಎಂಬ ಲೇಖಕನೂ ಬರೆದಿದ್ದಾನೆ. "ಜನ ಏನು ಮಾಡುತ್ತಿದ್ದರು" ಎಂಬ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಬದುಕು ಎಂದಿನಂತೆ ನಡೆಯುತ್ತಿತ್ತು, ಆ ದಿನಗಳಿಗೆ ತಾರೀಖು ಇರುತ್ತಿರಲಿಲ್ಲ. ತಾರೀಖು ಬೇಕಾಗುವುದು ಸಾಲಕ್ಕೆ, ಕೋರ್ಟಿಗೆ, ಸೈನ್ಯ ಸೇರಿಸಲು. ಮಣ್ಣಿನ ಗುಡಿಸಲುಗಳ ಒಂದು ಬೆಟ್ಟದೂರಿಗೆ ಚಳಿಯಲ್ಲಿ ಅವು ಯಾಕೆ?

304ರಲ್ಲಿ ಇನ್ನೊಂದು ವಿಷಯ ಅಡಗಿದೆ. ರೋಮನ್ನರ ಸಂತೆ ಎಂಟು ದಿನಕ್ಕೊಮ್ಮೆ ಕೂಡುತ್ತಿತ್ತು. ಆಂಟಿಯಮ್‌ನ ಗೋಡೆಯ ಮೇಲೂ ಪ್ರತಿ ದಿನದ ಪಕ್ಕ ಎಂಟು ಅಕ್ಷರಗಳು ಸರದಿಯಲ್ಲಿ ಬರುತ್ತವೆ, ಸಂತೆ ದಿನ ಗೊತ್ತಾಗಲಿ ಎಂದು. 304ನ್ನು ಎಂಟರಿಂದ ಭಾಗಿಸಿ. ಸರಿಯಾಗಿ 38, ಉಳಿಕೆ ಇಲ್ಲ. ಇಷ್ಟು ನೀಟಾಗಿ ಬಂದರೆ ಎರಡು ಥರ ಯೋಚಿಸಬಹುದು. ನಿಜವಾಗಿಯೇ ಸಂತೆಗಳನ್ನು ಎಣಿಸಿ ವರ್ಷ ಕಟ್ಟಿರಬಹುದು. ಇಲ್ಲವೇ ಶತಮಾನಗಳ ನಂತರ ಯಾರೋ ಪಂಡಿತ ಕೂತು, ಹೀಗೇ ಇದ್ದಿರಬೇಕು ಎಂದು ಲೆಕ್ಕ ಹೊಂದಿಸಿರಬಹುದು. ನನಗೆ ದಿನಗಳ ಲೆಕ್ಕದ ಮಟ್ಟಿಗೆ ಎರಡನೆಯದೇ ಜಾಸ್ತಿ ಸಾಧ್ಯ ಅನ್ನಿಸುತ್ತದೆ. ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತಿದ್ದ ಕಾಲದಲ್ಲಿ 30, 31 ದಿನದ ತಿಂಗಳುಗಳು ಬಂದದ್ದು ಹೇಗೆ? ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ, 31 ಎಂದೂ ಆಗುವುದಿಲ್ಲ.

ರೋಮನ್ನರಲ್ಲೂ ಎಲ್ಲರೂ ಈ ಕಥೆ ಒಪ್ಪಿರಲಿಲ್ಲ. ಲಿಸಿನಿಯಸ್ ಮೇಸರ್ ಮತ್ತು ಫೆನೆಸ್ಟೆಲ್ಲಾ ಎಂಬ ಇಬ್ಬರು ಇತಿಹಾಸಕಾರರು ಮೊದಲಿನಿಂದಲೂ ಹನ್ನೆರಡೇ ತಿಂಗಳು ಎಂದು ವಾದಿಸಿದ್ದರಂತೆ. ಇದನ್ನು ಹೇಳುವವನೂ ಅದೇ ಸೆನ್ಸೊರಿನಸ್, ತಾನು ಅದನ್ನು ನಂಬುವುದಿಲ್ಲ ಎಂಬ ಮಾತಿನ ಜೊತೆಗೆ. ಇಂದಿನ ಇತಿಹಾಸಕಾರರಲ್ಲೂ ಎರಡು ಪಕ್ಷ ಇದ್ದೇ ಇದೆ. ರೋಮುಲಸ್‌ನ ಕಾಲ ಎನ್ನುವ ಕ್ರಿ.ಪೂ. ಎಂಟನೇ ಶತಮಾನದ ಒಂದು ಕ್ಯಾಲೆಂಡರ್ ಕೂಡ ನಮ್ಮ ಕೈಯಲ್ಲಿಲ್ಲ. ಇರುವ ಬರಹಗಳೆಲ್ಲ ಏಳುನೂರು ವರ್ಷ ಕಳೆದ ಮೇಲಿನವು.

ಕೊನೆಗೆ ಒಂದು ಗಂಟು ಉಳಿಯಿತು. ಮಾರ್ಚ್ ಮೊದಲಾಗಿದ್ದರೆ ಜನವರಿ ಮುಂದೆ ಬಂದದ್ದು ಹೇಗೆ? ಇದಕ್ಕೆ ಒಂದು ಊರಿನ ಕೋಟೆಗೋಡೆ ಕಾರಣ ಎಂದರೆ ಮಗಳಿಗೆ ಖುಷಿಯಾಗಬಹುದು. ರೋಮ್‌ನಲ್ಲಿ ವರ್ಷಕ್ಕೆ ಸಂಖ್ಯೆ ಇರಲಿಲ್ಲ. ಆ ವರ್ಷ ಅಧಿಕಾರದಲ್ಲಿದ್ದ ಇಬ್ಬರು ಕಾನ್ಸಲ್‌ಗಳ ಹೆಸರೇ ವರ್ಷದ ಹೆಸರು. ಅವರು ಅಧಿಕಾರ ವಹಿಸಿಕೊಳ್ಳುತ್ತಿದ್ದದ್ದು ಮಾರ್ಚ್ 15ಕ್ಕೆ. ಕ್ರಿ.ಪೂ. 154ರ ಹೊತ್ತಿಗೆ ಸ್ಪೇನ್‌ನ ಸೆಗೆಡಾ ಎಂಬ ಊರಿನವರು ತಮ್ಮ ಗೋಡೆಯನ್ನು ದೊಡ್ಡದು ಮಾಡಿ ಕಟ್ಟತೊಡಗಿದರು. ಅದು ಒಪ್ಪಂದ ಮುರಿದಂತೆ ಎಂದು ರೋಮ್ ಯುದ್ಧಕ್ಕೆ ಹೊರಟಿತು. ಮಾರ್ಚ್ ಮಧ್ಯದಲ್ಲಿ ಅಧಿಕಾರ ಹಿಡಿದು, ಸೈನ್ಯ ಸೇರಿಸಿ, ಅಷ್ಟು ದೂರ ನಡೆದು ಹೋಗುವಷ್ಟರಲ್ಲಿ ಯುದ್ಧದ ಕಾಲವೇ ಕಳೆದುಹೋಗುತ್ತದೆ. ಹಾಗಾಗಿ ಕ್ರಿ.ಪೂ. 153ರ ಕಾನ್ಸಲ್ ಫುಲ್ವಿಯಸ್ ನೊಬಿಲಿಯೊರ್ ಮತ್ತು ಅವನ ಜೊತೆಗಾರ ಜನವರಿ 1ಕ್ಕೇ ಅಧಿಕಾರ ವಹಿಸಿಕೊಂಡರು. ಮುಂದಿನವರೂ ಹಾಗೇ ಮಾಡಿದರು. ವರ್ಷದ ಹೆಸರು ಜನವರಿಯಿಂದ ಬದಲಾಗತೊಡಗಿದ ಮೇಲೆ ವರ್ಷವೂ ಅಲ್ಲಿಂದಲೇ ಎಂದಾಯಿತು. ಸೆಪ್ಟೆಂಬರ್‌ನ ಹೆಸರು ಬದಲಿಸುವ ಗೋಜಿಗೆ ಆಗ ಯಾರೂ ಹೋಗಲಿಲ್ಲ. ಪೂಜಾರಿಗಳ ಕ್ಯಾಲೆಂಡರ್‌ನಲ್ಲಿ ಜನವರಿ ಇದಕ್ಕೂ ಮುಂಚೆಯೇ ತಲೆಗೆ ಬಂದಿತ್ತು ಎನ್ನುವವರಿದ್ದಾರೆ. ಜನವರಿಗೆ ಹೆಸರು ಕೊಟ್ಟ ಜಾನಸ್ ಬಾಗಿಲಿನ ದೇವರು, ಬಾಗಿಲು ಇರುವುದು ಮುಂದೆ ತಾನೆ ಎಂಬುದು ಅವರ ವಾದ. ತಳ್ಳಿಹಾಕುವಂಥ ವಾದವಲ್ಲ.

ಪ್ರಾಜೆಕ್ಟಿನಲ್ಲಿ ಏನು ಬರೆಯಬೇಕು ಎಂದರೆ, ದಾರಿ ಮೂರಿವೆ. "ಮೊದಲು ಹತ್ತು ತಿಂಗಳಿತ್ತು" ಎಂದು ನೇರವಾಗಿ ಬರೆಯಬಹುದು. ಎಷ್ಟೋ ಪುಸ್ತಕಗಳು ಹಾಗೇ ಬರೆಯುತ್ತವೆ, ಮಾರ್ಕ್ಸ್ ಹೋಗುವುದಿಲ್ಲ. ಆದರೆ ಯಾರಾದರೂ "ಆಧಾರ ಏನು?" ಎಂದರೆ ಡಿಸೆಂಬರ್‌ನ ಹೆಸರು ತೋರಿಸಿ ಗೆಲ್ಲಲು ಆಗುವುದಿಲ್ಲ. ಎರಡನೆಯದು, ಹತ್ತು ತಿಂಗಳ ಮಾತನ್ನೇ ಬಿಟ್ಟು ಮಾರ್ಚ್‌ನಿಂದ ಎಣಿಕೆ ಎಂದಷ್ಟೇ ಬರೆಯುವುದು. ಇದು ಗಟ್ಟಿ, ಆದರೆ ಟೀಚರ್ ಹತ್ತು ತಿಂಗಳ ಕಥೆ ಕೇಳಿದ್ದರೆ ಇವಳಿಗೆ ಗೊತ್ತೇ ಇಲ್ಲ ಅಂದುಕೊಳ್ಳಬಹುದು. ನಾನಾಗಿದ್ದರೆ ಮೂರನೆಯದನ್ನು ಹಿಡಿಯುತ್ತಿದ್ದೆ: "ತಿಂಗಳ ಹೆಸರುಗಳು ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು ಎಂದು ತೋರಿಸುತ್ತವೆ. ಆಗ ಹತ್ತೇ ತಿಂಗಳಿದ್ದವು, ಚಳಿಗಾಲಕ್ಕೆ ಹೆಸರಿರಲಿಲ್ಲ ಎಂದು ಎಷ್ಟೋ ರೋಮನ್ನರು ನಂಬಿದ್ದರು." ಎರಡೇ ವಾಕ್ಯ, ಯಾರೂ ಅಲ್ಲಗಳೆಯಲಾರರು. ಮೇಲೆ 304ರ ಲೆಕ್ಕ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು.

ಜುಲೈ, ಆಗಸ್ಟ್ ತುರುಕಿದ ಕಥೆಯನ್ನು ಮಾತ್ರ ಯಾವ ರೂಪದಲ್ಲೂ ಹಾಕಬೇಡಿ. ಅದರ ಬಾಲವಾಗಿ ಬರುವ, ಆಗಸ್ಟಸ್ ಫೆಬ್ರವರಿಯಿಂದ ಒಂದು ದಿನ ಕದ್ದು ತನ್ನ ತಿಂಗಳಿಗೆ 31 ಮಾಡಿಕೊಂಡ ಎನ್ನುವುದನ್ನೂ ಬಿಡಿ. ಆಂಟಿಯಮ್‌ನ ಗೋಡೆಯಲ್ಲಿ, ಆಗಸ್ಟಸ್‌ಗೆ ಎಷ್ಟೋ ಮೊದಲೇ, ಫೆಬ್ರವರಿಗೆ ಇದ್ದದ್ದು 28 ದಿನವೇ.

ಮಗಳು ಮುಂದೆ ಎಂದಾದರೂ ಹಳೆಯ ಇಂಗ್ಲಿಷ್ ಕಾಗದಪತ್ರ ಓದಿದರೆ ಒಂದು ಮಾತು ನೆನಪಿರಲಿ. 1752ರ ತನಕ ಇಂಗ್ಲೆಂಡಿನಲ್ಲೂ ಕಾನೂನಿನ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ಕಾಲದ ಗುಮಾಸ್ತರು ಸೆಪ್ಟೆಂಬರ್ ಎಂದು ಪೂರ್ತಿ ಬರೆಯುವ ಬದಲು 7 ಬರೆದು ಪಕ್ಕದಲ್ಲಿ "ಬರ್" ಸೇರಿಸುತ್ತಿದ್ದರು. ಅಕ್ಟೋಬರ್‌ಗೆ 8, ನವೆಂಬರ್‌ಗೆ 9, ಡಿಸೆಂಬರ್‌ಗೆ 10. ಇದು ಗೊತ್ತಿಲ್ಲದೆ 7 ಎಂದರೆ ಜುಲೈ ಎಂದು ಓದಿ, ಎರಡು ತಿಂಗಳು ಹಿಂದಿನ ತಾರೀಖು ಹಾಕಿ ಬಂದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ನಿಮ್ಮ ಮಗಳು ಆ ತಪ್ಪು ಮಾಡಲಿಕ್ಕಿಲ್ಲ.